ಎಂಟು ವರ್ಷ, ಇನ್ನೂ ಹಾಸಿಗೆ ಒದ್ದೆ: ಅಳತೆ ಲೋಟದಿಂದ ಶುರು ಮಾಡಿ

"ಬೇಕಂತಲೇ ಮಾಡುದು ಡಾಕ್ಟ್ರೇ" ಎಂದು ಉಡುಪಿಯ ನನ್ನ ಕ್ಲಿನಿಕ್ಕಿನಲ್ಲಿ ಅಮ್ಮಂದಿರು ಹೇಳುವುದುಂಟು. ಗಾಢ ನಿದ್ದೆಯಲ್ಲಿ ಮೂತ್ರಕೋಶ ತುಂಬಿದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ, ಬೈದರೆ ನಿಲ್ಲುವ ವಿಷಯ ಇದಲ್ಲ. ಏಳು ವರ್ಷದ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಂದಿಗೆ ಹೀಗಾಗುತ್ತದೆ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಇದ್ದಿದ್ದರೆ ಮಗುವಿಗೂ ಬರುವುದು ಹೆಚ್ಚು.

ಮೂರನೇ ಕ್ಲಾಸಿನ ಒಬ್ಬ ಹುಡುಗನನ್ನು ತೆಗೆದುಕೊಳ್ಳಿ. ಹುಟ್ಟಿದಾಗಿನಿಂದ ರಾತ್ರಿ ಒದ್ದೆ, ಹಗಲು ಏನೂ ತೊಂದರೆಯಿಲ್ಲ. ಇಂಥವರ ಮನೆಯವರಿಗೆ ನಾನು ಹೇಳುವುದು, ಶನಿವಾರ, ಭಾನುವಾರ ಮಗು ಒಂದಕ್ಕೆ ಹೋದಾಗಲೆಲ್ಲ ಅಳತೆ ಲೋಟದಲ್ಲಿ ಹಿಡಿದು ಬರೆದಿಡಿ. ವಯಸ್ಸಿಗೆ ಒಂದು ಕೂಡಿಸಿ ಮೂವತ್ತರಿಂದ ಗುಣಿಸಿದರೆ ಮೂತ್ರಕೋಶ ಹಿಡಿಯಬೇಕಾದ ಅಂದಾಜು ಸಿಗುತ್ತದೆ. ಎಂಟು ವರ್ಷಕ್ಕೆ 270 ಮಿ.ಲೀ. ಬೆಳಗ್ಗೆ ಎದ್ದ ಕೂಡಲೇ ಹೋದದ್ದನ್ನು ಈ ಹೋಲಿಕೆಗೆ ಸೇರಿಸಬಾರದು. ಈ ಹುಡುಗನದು ಹೆಚ್ಚೆಂದರೆ 150. ರಾತ್ರಿಯ ಪ್ರಮಾಣಕ್ಕೆ ಡೈಪರನ್ನು ಒಣಗಿದ್ದಾಗ ಒಮ್ಮೆ, ಬೆಳಗ್ಗೆ ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಹೆಚ್ಚಿದ ಪ್ರತಿ ಗ್ರಾಮನ್ನೂ ಒಂದು ಮಿ.ಲೀ. ಎಂದು ಹಿಡಿದು, ಬೆಳಗಿನ ಮೊದಲ ಮೂತ್ರವನ್ನೂ ಕೂಡಿಸಬೇಕು. ಎಂಟು ವರ್ಷಕ್ಕೆ ಅದು 350 ದಾಟಿದರೆ ರಾತ್ರಿ ಮೂತ್ರ ತಯಾರಾಗುವುದೇ ಜಾಸ್ತಿ ಎಂದರ್ಥ. ಇವನಿಗೆ ಸುಮಾರು 210 ಅಷ್ಟೇ. ಹಾಗಾದರೆ ಮೂತ್ರಕೋಶವೇ ಕಡಿಮೆ ಹಿಡಿಯುತ್ತಿದೆ.

ಯಾಕೆ ಎಂದು ಕೇಳುತ್ತಾ ಹೋದರೆ, ಎರಡಕ್ಕೆ ಹೋಗುವುದು ಮೂರು ದಿನಕ್ಕೊಮ್ಮೆ, ಅದೂ ಗಟ್ಟಿ. ತುಂಬಿದ ಕರುಳು ಮುಂದಿರುವ ಮೂತ್ರಕೋಶವನ್ನು ಒತ್ತುತ್ತದೆ. ಮಲಬದ್ಧತೆ ಸರಿಮಾಡದೆ ಬೇರೆ ಔಷಧ ಕೊಟ್ಟರೆ ಫಲ ಸಿಗದಿರುವುದು ಇಲ್ಲೇ. ಮಲ ಮೆತ್ತಗಾಗುವ ಪುಡಿಯನ್ನು ವೈದ್ಯರು ಹೇಳಿದಷ್ಟು ಕೊಟ್ಟು, ಊಟವಾದ ಮೇಲೆ ಪಾದಕ್ಕೆ ಮಣೆ ಇಟ್ಟು ಐದು ನಿಮಿಷ ಕೂರಿಸಬೇಕು. ಕೆಲವು ವಾರ ಬೇಕು.

ಇವನ ನೀರಿನ ಬಾಟಲಿ ಶಾಲೆಯಿಂದ ತುಂಬಿಯೇ ಬರುತ್ತದೆ, ಶಾಲೆಯ ಟಾಯ್ಲೆಟ್‌ಗೆ ಹೋಗಲು ಮನಸ್ಸಿಲ್ಲ. ಸಂಜೆ ಬಾಯಾರಿ ಕುಡಿದದ್ದೇ ಕುಡಿದದ್ದು, ರಾತ್ರಿಗೆ ಗಂಜಿ. ಒಟ್ಟು ನೀರು ಕಡಿಮೆ ಮಾಡಿದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿ ಹೆಚ್ಚಿನ ನೀರು ಮಧ್ಯಾಹ್ನದೊಳಗೆ, ಗಂಜಿ ರಜೆಯ ಮಧ್ಯಾಹ್ನಕ್ಕೆ, ಮಲಗುವ ಮುನ್ನ ಒಮ್ಮೆ ಒಂದಕ್ಕೆ.

ಇದರಿಂದ ಪೂರ್ತಿ ನಿಲ್ಲದಿದ್ದರೆ ಒದ್ದೆಯಾದಾಗ ಸದ್ದು ಮಾಡುವ ಅಲಾರಂ. ಮಗು ಏಳುವುದಿಲ್ಲ, ಮೊದಮೊದಲು ದೊಡ್ಡವರೇ ಎದ್ದು ಅವನನ್ನು ಎಚ್ಚರಿಸಬೇಕು. ಎರಡು ಮೂರು ತಿಂಗಳು ಹಿಡಿಯುತ್ತದೆ, ಸತತ ಹದಿನಾಲ್ಕು ರಾತ್ರಿ ಒಣಗಿದ ಮೇಲೆ ನಿಲ್ಲಿಸಬಹುದು. ರಾತ್ರಿ ಮೂತ್ರ ಜಾಸ್ತಿ ಇರುವವರಿಗೆ ಮೂತ್ರ ತಯಾರಾಗುವುದನ್ನು ತಗ್ಗಿಸುವ ಡೆಸ್ಮೋಪ್ರೆಸಿನ್ ಮಾತ್ರೆ ಒಗ್ಗುತ್ತದೆ, ಆದರೆ ಅದನ್ನು ನುಂಗುವ ಒಂದು ಗಂಟೆ ಮೊದಲಿನಿಂದ ನುಂಗಿ ಎಂಟು ಗಂಟೆ ಕಳೆಯುವವರೆಗೆ ನೀರು ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಹಗಲೂ ಚಡ್ಡಿ ಒದ್ದೆ, ಉರಿ, ಜ್ವರ, ಸಣ್ಣ ಧಾರೆ, ಜೋರು ಗೊರಕೆ, ಸೊಂಟದ ಕೆಳಗೆ ಕೂದಲಿನ ಗುಚ್ಛ, ನಡಿಗೆಯಲ್ಲಿ ವ್ಯತ್ಯಾಸ ಇದ್ದರೆ ಕಾಯದೆ ತೋರಿಸಿ. ಆರು ತಿಂಗಳು ಒಣಗಿದ್ದು ಮತ್ತೆ ಶುರುವಾದರೂ ಅಷ್ಟೇ. ಜೊತೆಗೆ ವಿಪರೀತ ಬಾಯಾರಿಕೆ, ತೂಕ ಇಳಿಕೆ ಕಂಡರೆ ಅವತ್ತೇ ಸಕ್ಕರೆ ಪರೀಕ್ಷೆ ಆಗಬೇಕು.