ಹತ್ತು ಮಿಲಿಮೀಟರ್ ಕೇಳಿದರೆ ಹನ್ನೊಂದೂವರೆ: z-ತಲದಲ್ಲೇ ನಿಯಂತ್ರಕ ಕಟ್ಟಿದ ನನ್ನ ಅನುಭವ

ತುಮಕೂರಿನ ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಹಳೆಯ ಡ್ರಿಲ್ಲಿಂಗ್ ಯಂತ್ರಕ್ಕೆ ಹೊಸ ಮೋಟಾರು, ಡ್ರೈವ್ ಜೋಡಿಸುವ ಕೆಲಸ ನನಗೆ ಬಂದಿತ್ತು. ಲೀಡ್ ಸ್ಕ್ರೂ ಮೇಲೆ ಓಡುವ ಮೇಜು ಹೇಳಿದ ಜಾಗಕ್ಕೆ ಹೋಗಿ ನಿಲ್ಲಬೇಕು, ಅಷ್ಟೆ. ಸ್ಥಾನ ಅಳೆಯುವ ಸ್ಕೇಲ್ ಸೀರಿಯಲ್ ತಂತಿಯಲ್ಲಿ 0.1 ಸೆಕೆಂಡಿಗೊಮ್ಮೆ ಮಾತ್ರ ಓದು ಕಳಿಸುತ್ತಿತ್ತು. ಅದನ್ನು ಬದಲಿಸಲು ಮಾಲೀಕರು ಒಪ್ಪಲಿಲ್ಲ.

ಮೊದಲು ನಾನು ಸ್ಯಾಂಪ್ಲಿಂಗ್ ಇಲ್ಲವೇ ಇಲ್ಲ ಎಂಬಂತೆ ಲೆಕ್ಕ ಹಾಕಿದೆ. ವೇಗದ ಆದೇಶಕ್ಕೆ ಡ್ರೈವ್ 0.1 ಸೆಕೆಂಡಿನ ಕಾಲಸ್ಥಿರಾಂಕದೊಂದಿಗೆ ಸ್ಪಂದಿಸುತ್ತಿದ್ದುದರಿಂದ ಆದೇಶದಿಂದ ಸ್ಥಾನದವರೆಗಿನ ಮಾದರಿ 10/(s(s+10)). ಬರೀ ಗೇನ್ 5.1 ಇಟ್ಟರೆ ಡ್ಯಾಂಪಿಂಗ್ 0.7, ಗುರಿ ಮೀರುವುದು ಶೇಕಡಾ 5ರೊಳಗೆ. ಆದರೆ 10 ಮಿ.ಮೀ. ಕೇಳಿದರೆ ಮೇಜು 11.5ರವರೆಗೆ ಹೋಗಿ ಹಿಂದೆ ಬಂತು. ‘ಏನಪ್ಪಾ, ಇದು ಊರು ದಾಟಿ ಹೋಗಿ ವಾಪಸ್ ಬರುತ್ತಿದೆಯಲ್ಲ’ ಎಂದರು ಮಾಲೀಕರು.

ಕಾರಣ ಜೀರೋ ಆರ್ಡರ್ ಹೋಲ್ಡ್. ಒಮ್ಮೆ ಕೊಟ್ಟ ಆದೇಶವನ್ನು ಅದು ಮುಂದಿನ ಸ್ಯಾಂಪಲ್‌ವರೆಗೆ ಹಾಗೆಯೇ ಹಿಡಿದಿಡುತ್ತದೆ. ಅಂದರೆ ಸರಾಸರಿ ಅರ್ಧ ಸ್ಯಾಂಪಲ್, ಇಲ್ಲಿ 0.05 ಸೆಕೆಂಡು, ತಡ. ಹೋಲ್ಡ್ ಸೇರಿಸಿ z-ರೂಪಕ್ಕೆ ತಂದಾಗ ಸಿಕ್ಕಿದ್ದು ಇದು:

```
G(z) = 0.0368 (z + 0.718) / ((z - 1)(z - 0.368))
```

ಮೂಲ ಮಾದರಿಯಲ್ಲಿ ಇಲ್ಲದ ಒಂದು ಝೀರೋ -0.718ರಲ್ಲಿ ಬಂದು ಕೂತಿದೆ. ರೂಟ್ ಲೋಕಸ್ ಬರೆದರೆ ಎರಡೂ ಪೋಲ್‌ಗಳು 0.648ರಲ್ಲಿ ಕೂಡಿ ಬೇರ್ಪಟ್ಟು, ಆ ಝೀರೋವನ್ನೇ ಕೇಂದ್ರವಾಗಿಟ್ಟ ವೃತ್ತದ ಮೇಲೆ ಸಾಗುತ್ತವೆ. ಗೇನ್ ಸುಮಾರು 24 ಆದಾಗ ಏಕಮಾನ ವೃತ್ತದಿಂದ ಹೊರಬೀಳುತ್ತವೆ. s-ತಲದಲ್ಲಿ ಇದೇ ವ್ಯವಸ್ಥೆ ಯಾವ ಗೇನ್‌ಗೂ ಅಸ್ಥಿರವಾಗುತ್ತಿರಲಿಲ್ಲ. ನನ್ನ 5.1ಕ್ಕೆ ಡ್ಯಾಂಪಿಂಗ್ 0.5 ಮಾತ್ರ ಉಳಿದಿತ್ತು. ಕಂಡದ್ದೂ ಅದೇ.

ಹಾಗಾಗಿ ನೇರವಾಗಿ z-ತಲದಲ್ಲೇ ಕುಳಿತೆ. ಡ್ಯಾಂಪಿಂಗ್ 0.7, ಸಹಜ ಆವರ್ತನ ಸೆಕೆಂಡಿಗೆ 10 ರೇಡಿಯನ್ ಬೇಕೆಂದುಕೊಂಡರೆ ಪೋಲ್‌ಗಳು 0.375 ± j0.325ರಲ್ಲಿ ಇರಬೇಕು. ಲೋಕಸ್ ಆ ಬಿಂದುವಿನ ಮೂಲಕ ಹಾದು ಹೋಗುತ್ತದೆಯೇ ಎಂದು ತಿಳಿಯಲು ಕೋನಗಳನ್ನು ಕೂಡಿದೆ. ಝೀರೋದಿಂದ 16.6 ಡಿಗ್ರಿ. ಅದರಿಂದ ಪೋಲ್‌ಗಳ 152.5 ಮತ್ತು 88.7 ಕಳೆದರೆ -224.6. ಬೇಕಾದದ್ದು -180. ಕೊರತೆಯ 44.6 ಡಿಗ್ರಿಯನ್ನು ನಿಯಂತ್ರಕವೇ ತುಂಬಬೇಕು.

ನಿಯಂತ್ರಕದ ಝೀರೋವನ್ನು 0.368ರ ಪೋಲ್ ಮೇಲೇ ಇಟ್ಟೆ. ಆ ಪೋಲ್ ಏಕಮಾನ ವೃತ್ತದ ಸಾಕಷ್ಟು ಒಳಗಿದೆ, ಕಾಲಸ್ಥಿರಾಂಕ ಸ್ವಲ್ಪ ಹೆಚ್ಚುಕಡಿಮೆಯಾದರೂ ಉಳಿಯುವ ಬಾಲ ಬೇಗ ಸಾಯುತ್ತದೆ. ನಿಯಂತ್ರಕದ ಪೋಲ್‌ಗೆ ಉಳಿದ ಕೋನ 44.1 ಡಿಗ್ರಿ, ಆದ್ದರಿಂದ ಅದರ ಜಾಗ 0.039. ದೂರಗಳನ್ನು ಗುಣಿಸಿ ಭಾಗಿಸಿದಾಗ ಗೇನ್ 7.85 ಬಂತು. ಕೆಳಗಿನ ಸಾಲಿನಲ್ಲಿ e ಎಂದರೆ ಗುರಿಗೂ ಓದಿಗೂ ಇರುವ ವ್ಯತ್ಯಾಸ, u ಡ್ರೈವ್‌ಗೆ ಹೋಗುವ ಆದೇಶ, e1 ಮತ್ತು u1 ಹಿಂದಿನ ಸ್ಯಾಂಪಲ್‌ನವು.

```
u = 0.039*u1 + 7.85*(e - 0.368*e1);
```

-0.718ರ ಝೀರೋವನ್ನೂ ಒಂದು ಪೋಲ್ ಇಟ್ಟು ರದ್ದು ಮಾಡುವ ಆಸೆ ಹುಟ್ಟಿದ್ದು ನಿಜ. ಕಾಗದದ ಮೇಲೆ ಉತ್ತರ ಇನ್ನೂ ಚೊಕ್ಕ. ಆದರೆ ಆ ಪೋಲ್ ಆದೇಶದೊಳಗೆ ಉಳಿದು, ಪ್ರತಿ ಸ್ಯಾಂಪಲ್‌ಗೂ ಚಿಹ್ನೆ ಬದಲಿಸುವ ಕಂಪನವಾಗುತ್ತದೆ. ಐದು ಸ್ಯಾಂಪಲ್ ಕಳೆದರೂ ಅದರಲ್ಲಿ ಐದನೇ ಒಂದು ಭಾಗದಷ್ಟು ಉಳಿದಿರುತ್ತದೆ. ಸ್ಯಾಂಪಲ್ ಕ್ಷಣಗಳಲ್ಲಿ ಓದು ಸರಿಯಾಗಿಯೇ ಕಾಣುತ್ತದೆ, ನಡುವೆ ಮೇಜು ಅಲುಗುತ್ತಿರುತ್ತದೆ, ಗೇರ್‌ಬಾಕ್ಸ್ ಕಟಕಟ ಅನ್ನುತ್ತದೆ. ಬಿಟ್ಟುಬಿಟ್ಟೆ.

ಇಷ್ಟಾಗಿ ಓಡಿಸಿದರೆ ಮೇಜು 14.5 ಮಿ.ಮೀ.ಗೆ ಹಾರಿತು! ಮೊದಲಿಗಿಂತ ಕೆಟ್ಟದ್ದು. ಅರ್ಧ ದಿನ ಕೋನಗಳನ್ನೇ ಮತ್ತೆ ಮತ್ತೆ ಕೂಡಿದೆ. ಕೊನೆಗೆ ದಾಖಲೆಯ ಮೊದಲ ಸಾಲುಗಳನ್ನು ನೋಡುವ ಬುದ್ಧಿ ಬಂತು. ಲೆಕ್ಕದ ಪ್ರಕಾರ ಆದೇಶದ ನಂತರದ ಮೊದಲ ಓದು 2.9, ಎರಡನೆಯದು 7.1 ಇರಬೇಕು. ನನ್ನಲ್ಲಿ ಮೊದಲನೆಯದು ಸೊನ್ನೆ, ಎರಡನೆಯದು 2.9. ಒಂದಿಡೀ ಸ್ಯಾಂಪಲ್ ಎಲ್ಲೋ ಕಳೆದುಹೋಗಿತ್ತು. ಲೆಕ್ಕ ಮುಗಿದ ಕೂಡಲೇ u ಕಳಿಸುವ ಬದಲು ಮುಂದಿನ ಸುತ್ತಿನ ಆರಂಭದಲ್ಲಿ ಕಳಿಸುವಂತೆ ನಾನೇ ಬರೆದಿದ್ದೆ. ಅದು z = 0ಯಲ್ಲಿ ಇನ್ನೊಂದು ಪೋಲ್ ಇಟ್ಟಂತೆ. ನಾನು ಆರಿಸಿದ ಬಿಂದುವಿನಲ್ಲಿ ಅದು 40.9 ಡಿಗ್ರಿ ತಿನ್ನುತ್ತದೆ. ನಿಯಂತ್ರಕ ಕಷ್ಟಪಟ್ಟು ಗಳಿಸಿದ್ದೇ 44.6, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೋಯಿತು. ಆ ಪೋಲ್ ಸೇರಿಸಿ ಲೆಕ್ಕ ಹಾಕಿದರೆ ಡ್ಯಾಂಪಿಂಗ್ 0.25ಕ್ಕಿಂತ ತುಸು ಕಡಿಮೆ.

u ಕಳಿಸುವ ಸಾಲನ್ನು ಲೆಕ್ಕ ಮುಗಿದ ಕೂಡಲೇ ಬರುವಂತೆ ಸರಿಸಿದೆ. ಓದು 2.9, 7.1, 9.6, 10.4ರ ಆಸುಪಾಸಿನಲ್ಲಿ ಏರಿ ನಿಧಾನವಾಗಿ 10ಕ್ಕೆ ಇಳಿಯಿತು.

ಒಂದು ಮಿತಿ ಉಳಿದಿದೆ. ಡ್ರೈವ್‌ನ ಗರಿಷ್ಠ ವೇಗ ಸೆಕೆಂಡಿಗೆ 100 ಮಿ.ಮೀ. 10 ಮಿ.ಮೀ. ಹೆಜ್ಜೆಗೆ ಮೊದಲ ಆದೇಶವೇ 78.5. ಸುಮಾರು 12.7 ಮಿ.ಮೀ. ದಾಟಿದರೆ ಆದೇಶ ಮಿತಿಗೆ ತಾಗುತ್ತದೆ, ಆಗ ಈ ಲೋಕಸ್‌ಗೆ ಅರ್ಥವಿಲ್ಲ. ಆದ್ದರಿಂದ ದೂರದ ಓಟಕ್ಕೆ ಗುರಿಯನ್ನೇ ಸ್ಯಾಂಪಲ್‌ಗೆ 4 ಮಿ.ಮೀ.ನಂತೆ ಮುಂದೆ ಸರಿಸುತ್ತೇನೆ. ಮೇಜು ಹಿಂದೆ ಹಿಂದೆಯೇ ಬಂದು ಕೊನೆಯಲ್ಲಿ ಗುರಿಯನ್ನು ಸೇರುತ್ತದೆ.