ಪಾಲಿಹೌಸಿನ ಫ್ಯಾನು, ಫಾಗರು: ಶೇಕಡಾ ಲೆಕ್ಕ ನಂಬಿದರೆ ಎಲೆ ಮೇಲೆ ನೀರು

ತೀರ್ಥಹಳ್ಳಿ, ಹೊಸನಗರದ ಕಡೆ ಕಾಳುಮೆಣಸಿನ ಸಸಿ ಬೆಳೆಸುವ ಸಣ್ಣ ಪಾಲಿಹೌಸುಗಳಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಕಂಟ್ರೋಲರ್ ಇರುತ್ತವೆ. ಒಂದು ಉಷ್ಣತೆ ನೋಡಿ ಫ್ಯಾನ್ ಹಾಕುತ್ತದೆ, ಇನ್ನೊಂದು ತೇವಾಂಶ ನೋಡಿ ಫಾಗರ್ ಬಿಡುತ್ತದೆ. ಫ್ಯಾನ್ ತೇವವನ್ನು ಹೊರಗೆ ದಬ್ಬುತ್ತದೆ, ತೇವ ಕಡಿಮೆಯಾಯಿತೆಂದು ಫಾಗರ್ ಮತ್ತೆ ನೀರು ಚಿಮ್ಮುತ್ತದೆ. ಎರಡೂ ಹಗ್ಗಜಗ್ಗಾಟಕ್ಕೆ ಬಿದ್ದು ದಿನಕ್ಕೆ ನೂರಾರು ಸಲ ಆನ್-ಆಫ್ ಆಗುತ್ತವೆ. ರಾತ್ರಿ ಶೀಟಿನಿಂದ ಹನಿ ತೊಟ್ಟಿಕ್ಕುತ್ತದೆ. ಕಾಳುಮೆಣಸಿನ ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಶೀಘ್ರ ಸೊರಗು ರೋಗ ತರುವ ಫೈಟಾಫ್ತೊರಾಗೆ ಬಾಗಿಲು ತೆರೆದಂತೆ. ಅದು ಹರಡುವುದೇ ನೀರಿನ ಹನಿಯ ಮೂಲಕ.

ಇಲ್ಲಿನ ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ: 8 ಮೀಟರ್ ಅಗಲ, 15 ಮೀಟರ್ ಉದ್ದ, ಸರಾಸರಿ ಮೂರೂವರೆ ಮೀಟರ್ ಎತ್ತರ. ಒಳಗಿನ ಗಾಳಿ 420 ಘನ ಮೀಟರ್. ಒಂದು ತುದಿಯ ಗೋಡೆಗೆ ಗಂಟೆಗೆ ಸುಮಾರು 12,500 ಘನ ಮೀಟರ್ ಎಳೆಯುವ ಎರಡು ಎಕ್ಸಾಸ್ಟ್ ಫ್ಯಾನ್, ಎದುರು ತುದಿಯಲ್ಲಿ ಗಾಳಿ ಬರುವ ಪರದೆ. ಒಂದೇ ಫ್ಯಾನ್ ಓಡಿದರೆ ಎರಡು ನಿಮಿಷಕ್ಕೆ, ಎರಡೂ ಓಡಿದರೆ ಒಂದು ನಿಮಿಷಕ್ಕೆ ಒಳಗಿನ ಗಾಳಿ ಪೂರ್ತಿ ಬದಲಾಗುತ್ತದೆ. ನಾಲ್ಕು ಬಾಯಿಯ ಫಾಗರ್ 12, ಒಂದೊಂದೂ ಗಂಟೆಗೆ 28 ಲೀಟರ್. ಇವೆಲ್ಲ ಗಾಳಿ ಒಳಬರುವ ಕಡೆಗಿರಲಿ. ಫ್ಯಾನಿನ ಹತ್ತಿರದ ಮೂರು ಮೀಟರ್ ಖಾಲಿ ಬಿಟ್ಟರೆ ಹನಿ ಆವಿಯಾಗುವ ಮೊದಲೇ ಹೊರಗೆ ಹೋಗುವುದು ತಪ್ಪುತ್ತದೆ. ಫಾಗರಿಗೆ ಹನಿ ತಡೆಯುವ ವಾಲ್ವ್ ಇಲ್ಲದಿದ್ದರೆ ಪಂಪ್ ನಿಂತ ಮೇಲೂ ಪೈಪಿನ ನೀರೆಲ್ಲ ಸಸಿ ಮೇಲೆ ಸುರಿಯುತ್ತದೆ, ಆಮೇಲೆ ಯಾವ ಲೆಕ್ಕವೂ ಪ್ರಯೋಜನಕ್ಕೆ ಬಾರದು.

ಮೊದಲು ಸೆನ್ಸರ್

ಎಸ್‌ಎಚ್‌ಟಿ31ರಂಥ, ಉಷ್ಣತೆ ಮತ್ತು ತೇವಾಂಶ ಎರಡನ್ನೂ ಅಳೆಯುವ ಸೆನ್ಸರ್ ಎರಡು ಬೇಕು, ಒಂದು ಒಳಗೆ, ಒಂದು ಹೊರಗೆ. ಒಳಗಿನದನ್ನು ಸಸಿಯ ಎತ್ತರದಲ್ಲಿ, ಫಾಗರಿನಿಂದ ಕನಿಷ್ಠ ಎರಡು ಮೀಟರ್ ದೂರ ತೂಗುಹಾಕಿ. ಬಿಳಿ ಪಿವಿಸಿ ಪೈಪಿನೊಳಗೆ ಕೂರಿಸಿ, 12 ವೋಲ್ಟಿನ ಕಂಪ್ಯೂಟರ್ ಫ್ಯಾನಿನಿಂದ ಸದಾ ಗಾಳಿ ಹಾಯಿಸಬೇಕು. ಬಿಸಿಲು ನೇರ ಬಿದ್ದರೆ ಅದು ಹಲವು ಡಿಗ್ರಿ ಹೆಚ್ಚು ತೋರಿಸುತ್ತದೆ. ಅದರ ಮೇಲೆ ಹನಿ ಕೂತರೆ ತೇವಾಂಶ 100ಕ್ಕೆ ಹಾರಿ, ಉಷ್ಣತೆ ದಿಢೀರನೆ ಇಳಿಯುತ್ತದೆ. ಇದರ ಜೊತೆ ಶೀಟಿನ ಒಳಮೈಗೆ ತಾಗಿಕೊಂಡಂತೆ ಡಿಎಸ್18ಬಿ20 ಉಷ್ಣತಾ ಸೆನ್ಸರ್ ಒಂದನ್ನು ಅಂಟಿಸಿ. ಹನಿಗಟ್ಟುವುದು ಮೊದಲು ಅಲ್ಲೇ.

ವರ್ಷಕ್ಕೆರಡು ಸಲ ಒಂದು ಪರೀಕ್ಷೆ ಮಾಡಿ. ಅಡುಗೆ ಉಪ್ಪಿಗೆ ಕೆಸರಿನಷ್ಟು ಗಟ್ಟಿಯಾಗುವಂತೆ ಸ್ವಲ್ಪವೇ ನೀರು ಹಾಕಿ, ಸೆನ್ಸರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಉಪ್ಪು ಸೆನ್ಸರಿಗೆ ತಾಗಬಾರದು. ಬೆಳಿಗ್ಗೆ 75ರ ಹತ್ತಿರ ತೋರಿಸಬೇಕು. 70 ಅಥವಾ 80 ತೋರಿಸಿದರೆ ಆ ವ್ಯತ್ಯಾಸವನ್ನು ಪ್ರೋಗ್ರಾಮಿನಲ್ಲಿ ಸರಿಪಡಿಸಿಕೊಳ್ಳಿ.

ಶೇಕಡಾ ಬಿಟ್ಟು ಆವಿ ನೋಡಿ

ತೇವಾಂಶದ ಶೇಕಡಾ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಹೇಳುವುದಿಲ್ಲ. ಆ ಉಷ್ಣತೆಯಲ್ಲಿ ಹಿಡಿಯಬಹುದಾದದ್ದರಲ್ಲಿ ಎಷ್ಟು ಪಾಲು ತುಂಬಿದೆ ಎಂದಷ್ಟೇ ಹೇಳುತ್ತದೆ. ಹಾಗಾಗಿ ಕಂಟ್ರೋಲರ್ ಪ್ರತಿ ಸಲವೂ ಈ ನಾಲ್ಕನ್ನು ಲೆಕ್ಕ ಹಾಕಲಿ:

```
es  = 0.6108 * exp(17.27*T / (T + 237.3))
e   = es * RH / 100
vpd = es - e
Td  = 237.3*log(e/0.6108) / (17.27 - log(e/0.6108))
```

ಇಲ್ಲಿ `T` ಸೆಲ್ಸಿಯಸ್ ಉಷ್ಣತೆ, `RH` ತೇವಾಂಶದ ಶೇಕಡಾ, `es` ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಹುದಾದ ಗರಿಷ್ಠ ಆವಿಯ ಒತ್ತಡ, `e` ಗಾಳಿಯಲ್ಲಿರುವ ಆವಿಯ ಒತ್ತಡ, ಕಿಲೋಪಾಸ್ಕಲ್‌ನಲ್ಲಿ. `vpd` ಎಂದರೆ ಗಾಳಿ ಇನ್ನೆಷ್ಟು ಆವಿ ಹೀರಬಲ್ಲದು ಎಂಬುದು. `Td` ಇಬ್ಬನಿ ಬಿಂದು, ಅದಕ್ಕಿಂತ ತಣ್ಣಗಿರುವ ಯಾವ ಮೈ ಮೇಲಾದರೂ ನೀರು ಕೂರುತ್ತದೆ. `log` ಸ್ವಾಭಾವಿಕ ಲಾಗರಿದಮ್.

ಮಲೆನಾಡಿನ ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಜುಲೈನ ಒಂದು ಮಧ್ಯಾಹ್ನ ಹೊರಗೆ 22 ಡಿಗ್ರಿ, ತೇವಾಂಶ 95. ಒಳಗೆ 25 ಡಿಗ್ರಿ, ತೇವಾಂಶ 90. ಶೇಕಡಾ ನೋಡುವ ಕಂಟ್ರೋಲರ್ ‘ಹೊರಗೇ ಹೆಚ್ಚು ತೇವ’ ಎಂದು ಫ್ಯಾನ್ ಹಾಕುವುದೇ ಇಲ್ಲ. ಆವಿಯ ಲೆಕ್ಕ ಬೇರೆ: ಹೊರಗೆ 2.51, ಒಳಗೆ 2.85. ಹೊರಗಿನ ಗಾಳಿಯೇ ಒಣಗಿದ್ದು. ಅದನ್ನು ಒಳಗೆ ತಂದು, ಅದು 25 ಡಿಗ್ರಿಗೆ ಬೆಚ್ಚಗಾದರೆ ತೇವಾಂಶ 79ಕ್ಕೆ ಇಳಿಯುತ್ತದೆ. ಸುರಿಯುವ ಮಳೆಯಲ್ಲೂ ಫ್ಯಾನ್ ಹಾಕಿ ಮನೆ ಒಣಗಿಸಬಹುದು. ಆದರೆ ರಾತ್ರಿ ಒಳಗೂ ಹೊರಗೂ ಒಂದೇ ಉಷ್ಣತೆ ಆದಮೇಲೆ ಈ ಲಾಭ ಇಲ್ಲ. ಆಗ ಎಕ್ಸಾಸ್ಟ್ ನಿಲ್ಲಿಸಿ, ಒಳಗೇ ಗಾಳಿ ಆಡಿಸುವ ಸಣ್ಣ ಫ್ಯಾನ್ ಮಾತ್ರ ಬಿಡಿ.

ಫಾಗರ್ ಎಷ್ಟು ಹೊತ್ತು?

ಬೇರು ಬಂದ ಸಸಿಗೆ `vpd` 1.3 ದಾಟಿದರೆ ಫಾಗರ್ ಶುರು, 0.8ಕ್ಕಿಂತ ಕೆಳಗೆ ಬಂದರೆ ಬಂದ್. ಹೊಸದಾಗಿ ನೆಟ್ಟ ತುಂಡುಗಳಿಗೆ ಎರಡೂ ಅಂಕಿ ಇನ್ನೂ ಕೆಳಗಿರಬೇಕು. ಶುರು ಎಂದರೆ ಒಂದೇ ಸಮನೆ ಬಿಡುವುದಲ್ಲ. ಮಾರ್ಚಿನಲ್ಲಿ ಒಳಗೆ 34 ಡಿಗ್ರಿ, ತೇವಾಂಶ 45 ಇದೆ ಎನ್ನಿ. ಫ್ಯಾನ್ ನಿಂತಿದ್ದರೆ ಆ 420 ಘನ ಮೀಟರ್ ಗಾಳಿ ತಣ್ಣಗಾಗುತ್ತಾ ಹೀರಬಲ್ಲದ್ದು ಸುಮಾರು ಎರಡು ಲೀಟರ್ ಅಷ್ಟೇ. ನಮ್ಮ 12 ಫಾಗರ್ ಒಂದು ನಿಮಿಷಕ್ಕೆ ಸುರಿಯುವುದು ಐದೂವರೆ ಲೀಟರ್. ಅರ್ಧಕ್ಕಿಂತ ಹೆಚ್ಚು ಎಲೆಯ ಮೇಲೇ ಕೂರುತ್ತದೆ.

10 ಸೆಕೆಂಡ್ ಬಿಟ್ಟರೆ 0.9 ಲೀಟರ್. ಅದಷ್ಟೂ ಆವಿಯಾದರೆ ಲೆಕ್ಕದ ಪ್ರಕಾರ ಗಾಳಿ 4 ಡಿಗ್ರಿಗೂ ಹೆಚ್ಚು ತಣಿಯುತ್ತದೆ. ಬಿಸಿಲಿನ ಶಾಖ ಇಳಿಯುತ್ತಲೇ ಇರುವುದರಿಂದ ನಿಜದಲ್ಲಿ ಅದಕ್ಕಿಂತ ಕಡಿಮೆ. ಆದ್ದರಿಂದ ಒಂದು ಫ್ಯಾನ್ ಓಡುತ್ತಿರುವಾಗ 10 ಸೆಕೆಂಡ್ ಫಾಗರ್, ನಂತರ 2 ನಿಮಿಷ ಕಾಯುವುದು. ಆ ಎರಡು ನಿಮಿಷ ಸುಮ್ಮನೆ ಆರಿಸಿದ್ದಲ್ಲ, ಗಾಳಿ ಒಂದು ಸುತ್ತು ಬದಲಾಗುವ ಹೊತ್ತು ಅದು. ಅಷ್ಟರೊಳಗೆ ಸೆನ್ಸರಿಗೆ ಪರಿಣಾಮ ಕಾಣುವುದಿಲ್ಲ. ಕಾಯದೆ ಮತ್ತೆ ಬಿಟ್ಟರೆ ಎಲೆ ಮೇಲೆ ಸುರಿದಂತೆಯೇ. ಬಿಟ್ಟ ಅರ್ಧ ನಿಮಿಷಕ್ಕೆ ಎಲೆ ಮುಟ್ಟಿ ನೋಡಿ. ಒದ್ದೆ ಇದ್ದರೆ 7 ಸೆಕೆಂಡಿಗೆ ಇಳಿಸಿ.

ಪದೇ ಪದೇ ಆನ್-ಆಫ್ ತಪ್ಪಿಸಲು

ಫ್ಯಾನ್ ಮೋಟಾರು ಶುರುವಾಗುವ ಕ್ಷಣ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಬೋರ್ಡಿನ ಸಣ್ಣ ರಿಲೇಗೆ ನೇರ ಕೊಡಬೇಡಿ, ಮಧ್ಯೆ ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ ಇರಲಿ. ಮೊದಲ ಫ್ಯಾನ್ 30 ಡಿಗ್ರಿಗೆ ಆನ್, 27ಕ್ಕೆ ಆಫ್. ಎರಡನೆಯದು 33ಕ್ಕೆ ಆನ್, 30ಕ್ಕೆ ಆಫ್. ಸೆನ್ಸರಿನ ಎರಡು ನಿಮಿಷದ ಸರಾಸರಿಯನ್ನೇ ನೋಡಿ ತೀರ್ಮಾನಿಸಬೇಕು. ಆನ್ ಆದರೆ ಕನಿಷ್ಠ 4 ನಿಮಿಷ ಓಡಲಿ, ಆಫ್ ಆದರೆ ಕನಿಷ್ಠ 5 ನಿಮಿಷ ನಿಲ್ಲಲಿ. ಆಗ ಗಂಟೆಗೆ ಆರೇಳಕ್ಕಿಂತ ಹೆಚ್ಚು ಸಲ ಶುರುವಾಗಲು ಸಾಧ್ಯವೇ ಇಲ್ಲ. ಕರೆಂಟ್ ಹೋಗಿ ಬಂದಾಗ ಫ್ಯಾನು, ಪಂಪು ಒಟ್ಟಿಗೆ ಏಳದಂತೆ ಒಂದೊಂದು ನಿಮಿಷ ಅಂತರ ಕೊಡಿ.

ಗಂಟೆಗೆ ಎಷ್ಟು ಸಲ ಶುರುವಾಯಿತು ಎಂದು ಎಣಿಸುವ ಕೌಂಟರ್ ಪ್ರೋಗ್ರಾಮಿನಲ್ಲಿರಲಿ. ಪ್ರತಿ ಗಂಟೆಯೂ ಆರೇಳರ ಮಿತಿಗೇ ತಾಗುತ್ತಿದ್ದರೆ ಅಂಕಿ ಬದಲಿಸುವ ಮೊದಲು ಸೆನ್ಸರ್ ಇಟ್ಟ ಜಾಗ ನೋಡಿ. ಬಹಳ ಸಲ ತಪ್ಪು ಇರುವುದು ಅಲ್ಲೇ.

ಸಂಜೆಯ ಅರ್ಧ ಗಂಟೆ

ಶೀಟಿನ ಹನಿಗೆ ಬೀಜ ಬೀಳುವುದು ಸಂಜೆ. ಫೆಬ್ರವರಿಯ ಸಂಜೆ ಆರಕ್ಕೆ ಒಳಗೆ 26 ಡಿಗ್ರಿ, ತೇವಾಂಶ 75 ಇದ್ದರೆ ಇಬ್ಬನಿ ಬಿಂದು 21. ಮೋಡವಿಲ್ಲದ ರಾತ್ರಿ ಶೀಟು ಗಾಳಿಗಿಂತಲೂ ಬೇಗ ತಣ್ಣಗಾಗುತ್ತದೆ. ಅದು 21ಕ್ಕೆ ಇಳಿಯುವುದು ತಡವಿಲ್ಲ, ಊಟದ ಹೊತ್ತಿಗೇ ಹನಿ ಶುರು. ಅದೇ ಆರು ಗಂಟೆಗೆ ಹೊರಗೆ 25 ಡಿಗ್ರಿ, ತೇವಾಂಶ 55 ಇದೆ ಎನ್ನಿ. ಆ ಗಾಳಿಯ ಇಬ್ಬನಿ ಬಿಂದು 15. ಅದನ್ನು ಒಳಗೆ ತುಂಬಿಸಿಕೊಂಡರೆ ಶೀಟು ಇನ್ನೂ ಆರು ಡಿಗ್ರಿ ತಣ್ಣಗಾಗುವವರೆಗೆ ಒಣಗಿರುತ್ತದೆ. ಕೊಟ್ಟೆಯ ಮಣ್ಣು, ಎಲೆ ಇವು ಆವಿ ಬಿಡುತ್ತಲೇ ಇರುವುದರಿಂದ ಅಷ್ಟೂ ಲಾಭ ಉಳಿಯದು, ಆದರೂ ಹನಿಗಟ್ಟುವುದು ಎಷ್ಟೋ ಹೊತ್ತು ಮುಂದಕ್ಕೆ ಹೋಗುತ್ತದೆ.

ಆದ್ದರಿಂದ ನಾಲ್ಕು ಗಂಟೆಯ ನಂತರ ಫಾಗರಿಗೆ ತಡೆ ಹಾಕಿ. ಸೂರ್ಯ ಮುಳುಗುವ ಹೊತ್ತಿಗೆ, ಹೊರಗಿನ `e` ಒಳಗಿನದಕ್ಕಿಂತ ಕನಿಷ್ಠ 0.2 ಕಡಿಮೆ ಇದ್ದರೆ, ಉಷ್ಣತೆ ಎಷ್ಟೇ ಇರಲಿ ಅರ್ಧ ಗಂಟೆ ಫ್ಯಾನ್ ಓಡಲಿ. ರಾತ್ರಿ ಶೀಟಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ 1 ಡಿಗ್ರಿಯಷ್ಟೇ ಮೇಲಿದ್ದಾಗ ಅದೇ ಷರತ್ತಿನ ಮೇಲೆ ಒಂದು ಫ್ಯಾನ್ ಆನ್, ಅಂತರ ಎರಡೂವರೆ ಡಿಗ್ರಿ ಆದಾಗ ಆಫ್. ಬೆಳಿಗ್ಗೆ ಬಿಸಿಲು ಬಿದ್ದೊಡನೆ ಗಾಳಿ ಬೆಚ್ಚಗಾದರೂ ಕೊಟ್ಟೆ, ಕಾಂಡ ಇನ್ನೂ ತಣ್ಣಗೇ ಇರುತ್ತವೆ, ಹನಿ ಅವುಗಳ ಮೇಲೆ ಕೂರುತ್ತದೆ. ಹಾಗಾಗಿ ಬಿಸಿಲಿಗೆ ಮುಂಚೆ ಹತ್ತು ನಿಮಿಷ ಇದೇ ಷರತ್ತಿನಲ್ಲಿ ಗಾಳಿ ಬದಲಿಸಿ, ಶೀಟು ಒಣಗುವವರೆಗೆ ಫಾಗರ್ ಮುಟ್ಟಬೇಡಿ.