ಕನ್ಸೋಲೋ, ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ? ಮೊದಲು ಆಟಗಳ ಪಟ್ಟಿ ಬರೆಯಿರಿ

ಅಕ್ಕನ ಮಗ ಟಿವಿಗೆ ಜೋಡಿಸಿ ಆಡುವ ಗೇಮಿಂಗ್ ಕನ್ಸೋಲ್ ಕೊಳ್ಳಲು ದುಡ್ಡು ಕೂಡಿಟ್ಟಿದ್ದ. "ಮಾವ, ಮೂರರಲ್ಲಿ ಇದೇ ಅಗ್ಗ ಅಲ್ವಾ?" ಎಂದು ಕೇಳಿದ. ಒಂದು ಹಾಳೆ ಕೊಟ್ಟು, ಮುಂದಿನ ಎರಡು ವರ್ಷ ಆಡಬೇಕು ಅನ್ನಿಸುವ ಆಟಗಳ ಹೆಸರು ಬರೆ ಎಂದೆ. ಮೊದಲ ಹೆಸರೇ ಕೌಂಟರ್-ಸ್ಟ್ರೈಕ್ 2. ಅದು ಕನ್ಸೋಲ್‌ಗೆ ಬಂದೇ ಇಲ್ಲ. ಡೋಟಾ 2 ಕೂಡ ಹಾಗೆಯೇ. ಕೊಂಡು ಮನೆಗೆ ತಂದ ಮೇಲೆ ಇದು ಗೊತ್ತಾಗಿದ್ದರೆ ಹುಡುಗನಿಗೆ ಎಷ್ಟು ಬೇಜಾರಾಗುತ್ತಿತ್ತು! ಹಾಗಾಗಿ ಮೊದಲ ಹೆಜ್ಜೆ ಈ ಪಟ್ಟಿ. ಒಂದೊಂದು ಆಟವೂ ಯಾವುದರಲ್ಲಿ ಓಡುತ್ತದೆ ಎಂದು ಅದರ ಅಧಿಕೃತ ಪುಟದಲ್ಲೇ ನೋಡಿ.

ಎರಡನೆಯದು, ಡಬ್ಬದ ಬೆಲೆ ಬಿಟ್ಟು ಮೂರು ವರ್ಷದ ಖರ್ಚು ಕೂಡಿ. ಕನ್ಸೋಲ್ ಬೆಲೆ 100 ಅಂದುಕೊಳ್ಳಿ. ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡರಲ್ಲೂ ಸಾಮಾನ್ಯವಾಗಿ ಚಂದಾ ಕಟ್ಟಬೇಕು. ವರ್ಷಕ್ಕೆ 15 ಎಂದಿಟ್ಟರೂ ಮೂರು ವರ್ಷಕ್ಕೆ 45. ಹೊಸ ದೊಡ್ಡ ಆಟ ಒಂದಕ್ಕೆ 15ರಂತೆ ಆರು ಆಟಕ್ಕೆ 90. ಅಲ್ಲಿಗೆ 100 ಇದ್ದದ್ದು 235 ಆಯಿತು. ಅಂಕಿಗಳ ಜಾಗದಲ್ಲಿ ನಿಮ್ಮ ಕಡೆಯ ಬೆಲೆ ಹಾಕಿಕೊಳ್ಳಿ. ಪಿಸಿಯಲ್ಲಿ ಈ ಆನ್‌ಲೈನ್ ಚಂದಾ ಇಲ್ಲ. ಆದರೆ ಮನೆಯಲ್ಲಿ ಟಿವಿ ಇದ್ದು, ಫೋರ್ಟ್‌ನೈಟ್‌ನಂಥ ಉಚಿತ ಆಟ ಆಡುವವರಿಗೆ ಅಥವಾ ಪಕ್ಕದಲ್ಲಿ ಕೂತವರ ಜೊತೆಯೇ ಆಡುವವರಿಗೆ ಚಂದಾ ಬೇಕಾಗುವುದಿಲ್ಲ. ಅಂಥವರಿಗೆ ಕನ್ಸೋಲೇ ಸರಿ. ಡಿಸ್ಕ್ ಹಾಕುವ ಮಾದರಿ ತಗೊಂಡರೆ ಆಡಿ ಮುಗಿಸಿದ ಆಟವನ್ನು ಮಾರಲೂಬಹುದು.

ಕನ್ಸೋಲ್ ಬೇಡ ಅಂತಾಯಿತು ಅಂದರೆ ಮೂರನೆಯ ಪ್ರಶ್ನೆ: ಕೊಳ್ಳುವ ಕಂಪ್ಯೂಟರನ್ನು ವಾರಕ್ಕೆ ಎಷ್ಟು ದಿನ ಹೊತ್ತುಕೊಂಡು ಓಡಾಡುತ್ತೀರಿ? ದಿನಾ ಹೊರುವುದಾದರೆ ಮಾತ್ರ ಗೇಮಿಂಗ್ ಲ್ಯಾಪ್‌ಟಾಪ್ ನೋಡಿ. ಬ್ಯಾಟರಿ ಮೇಲೆ ಆಡಿದರೆ ಅದರ ವೇಗ ತುಂಬಾ ಇಳಿಯುತ್ತದೆ, ಹಾಗಾಗಿ ಆಡುವ ಹೊತ್ತಿಗೆ ಹೇಗೂ ಗೋಡೆಯ ಪ್ಲಗ್ ಬೇಕೇ ಬೇಕು.

ಲ್ಯಾಪ್‌ಟಾಪ್ ಕೊಳ್ಳುವವರು ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್‌ನ ಹೆಸರಿಗೆ ಮರುಳಾಗಬಾರದು. ಆರ್‌ಟಿಎಕ್ಸ್ 4060 ಎಂದೇ ಬರೆದ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದರ ಕಾರ್ಡ್‌ಗೆ 45 ವಾಟ್ ಸಿಗಬಹುದು, ಇನ್ನೊಂದಕ್ಕೆ 115 ವಾಟ್. ಕಡಿಮೆ ವಾಟ್‌ನದು ಒಂದೇ ಆಟದಲ್ಲಿ ಸ್ಪಷ್ಟವಾಗಿ ಹಿಂದೆ ಬೀಳುತ್ತದೆ. ಅಂಗಡಿಯಲ್ಲೇ NVIDIA Control Panel ತೆರೆದು System Information ಒತ್ತಿ, Maximum Graphics Power ಎಂಬ ಸಾಲು ಓದಿಸಿಕೊಳ್ಳಿ. ಇದಕ್ಕೆ ಒಪ್ಪದ ಕಡೆ ಸುಮ್ನೆ ಎದ್ದು ಬನ್ನಿ.

ನಮ್ಮ ಹುಡುಗನ ಹತ್ತಿರ ಓದಿಗೆ ಸಾಕಾಗುವ ಹಳೇ ಲ್ಯಾಪ್‌ಟಾಪ್ ಇತ್ತು. ಆಡುವುದು ಮನೆಯಲ್ಲೇ. ಹಾಗಾಗಿ ಡೆಸ್ಕ್‌ಟಾಪ್ ಎಂದು ತೀರ್ಮಾನವಾಯಿತು. ಇದರ ದೊಡ್ಡ ಅನುಕೂಲ ಎಂದರೆ ಭಾಗಗಳನ್ನು ಕೊಂಡು ಹಂತ ಹಂತವಾಗಿ ಜೋಡಿಸಬಹುದು. ಮೊದಲ ಹಂತದಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೇ ಇಲ್ಲ. ರೈಜೆನ್ 5 8600ಜಿ ಎಂಬ ಪ್ರೊಸೆಸರ್ ಹಾಕಿದೆವು. ಗ್ರಾಫಿಕ್ಸ್ ಅದರೊಳಗೇ ಇದೆ. ಕೌಂಟರ್-ಸ್ಟ್ರೈಕ್ ಅನ್ನು ಕಡಿಮೆ ಸೆಟ್ಟಿಂಗ್‌ನಲ್ಲಿ ಚೆನ್ನಾಗಿಯೇ ಆಡಬಹುದು. ಮಾನಿಟರ್ ಬದಲಿಗೆ ಸದ್ಯಕ್ಕೆ ಮನೆಯ ಟಿವಿ. ಅದರಲ್ಲಿ ಗೇಮ್ ಮೋಡ್ ಹಾಕದಿದ್ದರೆ ಮೌಸ್ ಅಲ್ಲಾಡಿಸಿದ ಮೇಲೆ ಗುರಿ ತಡವಾಗಿ ಅಲ್ಲಾಡುತ್ತದೆ, ಮರೆಯಬೇಡಿ.

ಎರಡು ಕಡೆ ಮಾತ್ರ ನಾನು ಹಟ ಹಿಡಿದೆ. 16 ಜಿಬಿ ರ‍್ಯಾಮ್ ಅನ್ನು ಒಂದೇ ಸ್ಟಿಕ್ ಆಗಿ ಕೊಳ್ಳದೆ 8 ಜಿಬಿಯ ಎರಡು ಸ್ಟಿಕ್ ಕೊಳ್ಳಿಸಿದೆ. ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಅದು ಈ ರ‍್ಯಾಮನ್ನೇ ಬಳಸುತ್ತದೆ. ಒಂದೇ ಸ್ಟಿಕ್ ಇದ್ದರೆ ಮಾಹಿತಿ ಹರಿಯುವ ದಾರಿ ಅರ್ಧವಾಗಿ ಆಟ ತಡವರಿಸುತ್ತದೆ. ಇನ್ನೊಂದು ಪವರ್ ಸಪ್ಲೈ. ಒಳ್ಳೆಯ ಕಂಪನಿಯ 650 ವಾಟ್‌ನದೇ ಇರಲಿ ಎಂದೆ. ನನ್ನ ಮೊದಲ ಕಂಪ್ಯೂಟರ್‌ನಲ್ಲಿ ಇಲ್ಲೇ ದುಡ್ಡು ಉಳಿಸಿದ್ದೆ. ದಿನವಿಡೀ ಟೈಪ್ ಮಾಡಿದರೂ ಏನೂ ಆಗದು, ಆಟದಲ್ಲಿ ದೊಡ್ಡ ಗುಂಡಿನ ಕಾಳಗ ಶುರುವಾದ ಕ್ಷಣ ಫಟ್ ಅಂತ ಆಫ್! ಕೆಲಸ ಜಾಸ್ತಿಯಾದಾಗ ಮಾತ್ರ ಹೀಗಾದರೆ ಮೊದಲು ಪವರ್ ಸಪ್ಲೈ ಮೇಲೆ ಅನುಮಾನ ಪಡಿ.

ಕಾರ್ಡ್‌ಗೆ ಅವನು ಈಗ ಮತ್ತೆ ಕೂಡಿಡುತ್ತಿದ್ದಾನೆ. ಕೊಳ್ಳುವ ಮೊದಲು ಕ್ಯಾಬಿನೆಟ್ ಒಳಗಿನ ಜಾಗವನ್ನು ಟೇಪಿನಲ್ಲಿ ಅಳೆದು, ಕಾರ್ಡಿನ ಉದ್ದದ ಜೊತೆ ಹೋಲಿಸಿ ನೋಡು ಎಂದು ಹೇಳಿದ್ದೇನೆ.